ಆ ಹೆಬ್ಬೆಟ್ಟಿಗೆ ಸಾಕ್ಷಿ ಹಾಕಬೇಡಿ

‘ನಾಳೆ ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಬಂದ್ಬಿಡು ಮಾರಾಯ, ತಂಗೀದು ಹಕ್ಕು ಬಿಡುಗಡೆ ಇದೆ, ಒಂದು ಸಾಕ್ಷಿ ಬೇಕು’ ಎಂದು ಸ್ನೇಹಿತ ಫೋನ್ ಮಾಡಿದರೆ ನಾವು ಹೋಗಿಬಿಡುತ್ತೇವೆ. ಆಧಾರ್ ಕಾರ್ಡು ಜೇಬಿಗಿಟ್ಟುಕೊಂಡು ಹೋಗಿ, ತೋರಿಸಿದಲ್ಲಿ ಸಹಿ ಮಾಡಿ, ಅವನು ಕೊಡಿಸಿದ ಕಾಫಿ ಕುಡಿದು ವಾಪಸು ಬರುತ್ತೇವೆ. ಪತ್ರದಲ್ಲಿ ಏನಿದೆಯೆಂದು ಓದುವುದಿಲ್ಲ. ಹೊರಗೆ ಆಟೋದಲ್ಲೋ ಒಳಗೆ ಮೂಲೆಯ ಬೆಂಚಿನ ಮೇಲೋ ಕೂತಿರುವ ಆ ತಂಗಿಯನ್ನು ಮಾತನಾಡಿಸುವುದೂ ಇಲ್ಲ. ಮಾತನಾಡಿಸಿದರೆ ಅವಳಿಗೆ ಅರ್ಥವಾಗುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿಕೊಂಡಿರುತ್ತೇವೆ.

ಈ ಬರಹ ಅಂಥ ಸಾಕ್ಷಿದಾರರಿಗೆ, ಪತ್ರ ಬರಹಗಾರರಿಗೆ, ಅಣ್ಣತಮ್ಮಂದಿರಿಗೆ, ಇನ್ನೂ ಬದುಕಿರುವ ಅಪ್ಪ ಅಮ್ಮಂದಿರಿಗೆ. ಕೇಳುವುದು ಒಂದೇ. ‘ನಾವು ನೋಡ್ಕೋತೀವಿ’ ಎಂಬ ಬಾಯಿಮಾತನ್ನು ಕೊಟ್ಟು ಅಂಗವಿಕಲ ಹೆಣ್ಣುಮಗಳ ಪಾಲನ್ನು ಬರೆಸಿಕೊಳ್ಳಬೇಡಿ. ಬರೆಸಿಕೊಳ್ಳುವವರ ಜೊತೆ ಹೋಗಿ ನಿಲ್ಲಬೇಡಿ.

ಒಂದು ಮನೆಯನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ಯಾವ ಊರಿನದೆಂದು ಬೇಡ. ನಿಮ್ಮ ಊರಿನಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಅಪ್ಪ ದುಡಿದು ಕೊಂಡ ಆರು ಎಕರೆ ಜಮೀನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿದುಕೊಂಡಿವೆ, ಮಾತು ತೊದಲುತ್ತದೆ, ಹೊಸಬರಿಗೆ ಅವಳು ಹೇಳಿದ್ದು ಸುಲಭವಾಗಿ ತಿಳಿಯುವುದಿಲ್ಲ. ಬುದ್ಧಿ ಮಾತ್ರ ಚುರುಕು. ಯಾವ ಹೊಲದಲ್ಲಿ ಈ ಸಲ ಏನು ಹಾಕಿದ್ದಾರೆ, ಸೊಸೈಟಿ ಸಾಲ ಎಷ್ಟು ಉಳಿದಿದೆ ಎಂಬುದೆಲ್ಲ ಗೊತ್ತು. ಮದುವೆಯಾಗಿಲ್ಲ. ಅಪ್ಪ ವಿಲ್ ಬರೆಯದೆ ತೀರಿಕೊಂಡ.

ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಆ ಆರು ಎಕರೆ ನಾಲ್ಕು ಸಮಪಾಲಾಯಿತು: ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು. ತಲೆಗೆ ಒಂದು ಎಕರೆ ಇಪ್ಪತ್ತು ಗುಂಟೆ. ಎರಡು ವರ್ಷದ ನಂತರ ಅಮ್ಮನೂ ವಿಲ್ ಬರೆಯದೆ ಹೋದಳು. ಅಮ್ಮನ ಒಂದೂವರೆ ಎಕರೆ ಮೂವರಿಗೂ ಇಪ್ಪತ್ತಿಪ್ಪತ್ತು ಗುಂಟೆಯಂತೆ ಹಂಚಿತು. ಈಗ ಮಗಳ ಪಾಲು ಎರಡು ಎಕರೆ. ಜಮೀನು ಪಿತ್ರಾರ್ಜಿತವಾಗಿದ್ದು ಮೊದಲು ಪಾಲಾಗದೆ ಉಳಿದಿದ್ದರೂ ಕೊನೆಯ ಲೆಕ್ಕ ಇದೇ. 2005ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯಾಗಿ ಮಾಡಿದೆ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದು ಸ್ಪಷ್ಟ ಮಾಡಿತು. (ಕ್ರೈಸ್ತ, ಮುಸ್ಲಿಂ ಮನೆಗಳಲ್ಲಿ ಪಾಲಿನ ಲೆಕ್ಕ ಬೇರೆ. ಹಕ್ಕು ಬಿಡಿಸಿಕೊಳ್ಳುವ ಬಗೆ ಮಾತ್ರ ಬೇರೆಯಲ್ಲ.)

ಎರಡು ಎಕರೆ ಅವಳದೆಂದು ಯಾರೂ ಅವಳಿಗೆ ಹೇಳುವುದಿಲ್ಲ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಸಾಲಕ್ಕೋ ಮಾರಾಟಕ್ಕೋ ಹೊರಟಾಗ ಅಣ್ಣಂದಿರಿಗೆ ಪೌತಿ ಖಾತೆ ಬೇಕಾಗುತ್ತದೆ. ಅದಕ್ಕೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ಮೊದಲ ಕಳವು ನಡೆಯುವುದು ಈ ವಂಶವೃಕ್ಷದಲ್ಲೇ. ಮದುವೆಯಾದ ಮಗಳನ್ನು ಬಿಟ್ಟರೆ ಅಳಿಯ ಬಂದು ಕೇಳುತ್ತಾನೆ. ಮನೆಯ ಒಳಕೋಣೆಯಲ್ಲಿ ಕೂತ ಮಗಳನ್ನು ಬಿಟ್ಟರೆ ಕೇಳುವವರಿಲ್ಲ. ಊರಿನವರೂ ‘ಪಾಪ, ಅದೊಂದಿದೆ’ ಎನ್ನುತ್ತಾರೆಯೇ ಹೊರತು ವಾರಸುದಾರಳೆಂದು ಎಣಿಸುವುದಿಲ್ಲ. ಸ್ವಲ್ಪ ಅಂಜಿಕೆಯಿರುವ ಅಣ್ಣಂದಿರು ಹೆಸರು ಬಿಡುವುದಿಲ್ಲ. ವಂಶವೃಕ್ಷದಲ್ಲಿ ತೋರಿಸಿ, ಆಮೇಲೆ ಹಕ್ಕು ಬಿಡುಗಡೆ ಪತ್ರ ಮಾಡಿಸುತ್ತಾರೆ. ಕುಟುಂಬದ ಒಳಗಿನ ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ, ಕೆಲಸ ಅರ್ಧ ದಿನದ್ದು.

ಆ ಪತ್ರವನ್ನು ಒಮ್ಮೆ ಓದಿ ನೋಡಿ. ತಂಗಿ ತನ್ನ ಅಣ್ಣಂದಿರ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ, ತನ್ನ ಪಾಲಿನ ಹಕ್ಕನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತಾಳೆ. ಒಂದಿಷ್ಟು ಹಣವನ್ನು ಸಾಕ್ಷಿಗಳ ಸಮಕ್ಷಮ ನಗದಾಗಿ ಪಡೆದಿರುತ್ತಾಳೆ. ಇನ್ನು ಮುಂದೆ ತನಗಾಗಲಿ ತನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲವೆಂದು, ಓದಿಸಿ ಕೇಳಿ ಸರಿಯಿದೆಯೆಂದು ಒಪ್ಪಿ, ಎಡಗೈ ಹೆಬ್ಬೆಟ್ಟು ಒತ್ತಿರುತ್ತಾಳೆ. ಅವಳಿಗೆ ಊಟ ಹಾಕುತ್ತೇವೆ, ಔಷಧಿ ಕೊಡಿಸುತ್ತೇವೆ, ಒಂದು ಕೋಣೆ ಕೊಡುತ್ತೇವೆ ಎಂದು ಆ ಪತ್ರದಲ್ಲಿ ಎಲ್ಲೂ ಇರುವುದಿಲ್ಲ. ಯಾವ ಮಾತಿನ ಮೇಲೆ ಅವಳು ಹೆಬ್ಬೆಟ್ಟು ಕೊಟ್ಟಳೋ ಆ ಮಾತನ್ನೊಂದು ಬಿಟ್ಟು ಬೇರೆಲ್ಲವನ್ನೂ ಬರೆದಿರುತ್ತಾರೆ.

ಆ ಮಾತು ಮನೆಯಲ್ಲಿ ಹುಟ್ಟುವ ರೀತಿಯೇ ಬೇರೆ. ಯಾರೂ ಹೊಡೆಯುವುದಿಲ್ಲ, ಬೆದರಿಸುವುದಿಲ್ಲ. ರಾತ್ರಿ ಊಟವಾದ ಮೇಲೆ ದೊಡ್ಡಣ್ಣ ಪಕ್ಕ ಬಂದು ಕೂರುತ್ತಾನೆ. ‘ನಿನಗ್ಯಾಕಮ್ಮ ಜಮೀನು? ಉಳೋಕಾಗುತ್ತಾ? ನಾವಿಲ್ವಾ?’ ಸೋದರಮಾವ ಬಂದವನು, ‘ಅಣ್ಣಂದಿರು ನಾಳೆ ಕೈಬಿಟ್ರೆ ಎಲ್ಲಿಗೆ ಹೋಗ್ತೀಯ? ಸುಮ್ನೆ ಒತ್ತಿಬಿಡು’ ಎಂದು ಬುದ್ಧಿ ಹೇಳುತ್ತಾನೆ. ಆಕೆ ತಡೆದರೆ ಉಂಡ ಮನೆಗೆ ದ್ರೋಹ ಬಗೆದವಳಾಗುತ್ತಾಳೆ. ಉಂಡ ಮನೆ ತನ್ನದೂ ಹೌದು ಎಂದು ಅವಳು ಹೇಳುವುದಾದರೂ ಯಾರಿಗೆ? ಮದುವೆಯಾದ ಹೆಣ್ಣುಮಗಳು ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಅವಳಿಗೆ ಹಿಂತಿರುಗಲು ಇನ್ನೊಂದು ಮನೆಯಾದರೂ ಇದೆ. ಈಕೆ ಯಾರ ವಿರುದ್ಧ ಮಾತಾಡಬೇಕೋ ಅವರೇ ಬೆಳಿಗ್ಗೆ ಅವಳನ್ನು ಹಾಸಿಗೆಯಿಂದ ಎತ್ತಿ ಕೂರಿಸಬೇಕು, ಬಚ್ಚಲಿಗೆ ಕರೆದೊಯ್ಯಬೇಕು. ಅಂಥವಳ ‘ಆಯ್ತು’ ಎಂಬ ಮಾತನ್ನು ಒಪ್ಪಿಗೆ ಎಂದು ಕರೆಯಲು ನಮಗೆ ನಾಲಿಗೆಯಾದರೂ ಹೇಗೆ ಹೊರಳುತ್ತದೆ?

ಭಾರತೀಯ ಕರಾರು ಕಾಯ್ದೆಗೆ ಇದು 1872ರಲ್ಲೇ ಗೊತ್ತಿತ್ತು. ಒಬ್ಬರು ಇನ್ನೊಬ್ಬರ ಮನಸ್ಸಿನ ಮೇಲೆ ಹಿಡಿತ ಸಾಧಿಸುವ ಸ್ಥಾನದಲ್ಲಿದ್ದು, ಆ ಸ್ಥಾನ ಬಳಸಿ ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ ಎಂದು ಅದರ 16ನೇ ಕಲಂ ಹೇಳುತ್ತದೆ. ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯವಾಗಿ ಕಂಡರೆ, ಒತ್ತಡ ಹಾಕಲಿಲ್ಲವೆಂದು ರುಜುವಾತು ಮಾಡುವ ಹೊಣೆ ಲಾಭ ಪಡೆದವನ ಮೇಲೆ. ಎರಡು ಎಕರೆಯನ್ನು ಒಂದಿಷ್ಟು ನಗದಿಗೆ, ಅದೂ ಕೈಗೆ ಬಂದಿತೋ ಇಲ್ಲವೋ ತಿಳಿಯದ ನಗದಿಗೆ ಬಿಟ್ಟುಕೊಟ್ಟ ಪತ್ರ ಇಂಥದೇ.

ಈಗ ‘ನೋಡ್ಕೋತೀವಿ’ ಎಂಬ ಮಾತಿನ ಬೆಲೆ ಕಟ್ಟೋಣ. ಹೆಬ್ಬೆಟ್ಟು ಒತ್ತಿದ ಮರುದಿನ ಅಣ್ಣಂದಿರು ಮಾತಿಗೆ ತಪ್ಪಿದರೆ ಅವಳು ಯಾವ ಕಾನೂನಿನ ಬಾಗಿಲು ತಟ್ಟಬಹುದು? ತನ್ನನ್ನು ತಾನು ಪೋಷಿಸಿಕೊಳ್ಳಲಾಗದ, ಮದುವೆಯಾಗದ ಅಂಗವಿಕಲ ಮಗಳು ವಯಸ್ಸಿಗೆ ಬಂದಿದ್ದರೂ ಜೀವನಾಂಶ ಕೇಳಬಹುದು. ಆದರೆ ಕೇಳಬಹುದಾದದ್ದು ಅಪ್ಪ ಅಮ್ಮನನ್ನು. ಅವರು ಈಗ ಇಲ್ಲ. ಅಣ್ಣನಾದ ಮಾತ್ರಕ್ಕೆ ಅವನ ಸಂಪಾದನೆಯಿಂದ ತಂಗಿಯನ್ನು ಸಾಕಬೇಕೆಂಬ ಹೊಣೆಯನ್ನು ಕಾನೂನು ಹೊರಿಸಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಕಲಂ, ಸತ್ತವನ ಆಸ್ತಿ ಪಡೆದ ವಾರಸುದಾರರು ಅವನ ಅವಲಂಬಿತರನ್ನು ಆ ಆಸ್ತಿಯಿಂದ ಸಾಕಬೇಕೆನ್ನುತ್ತದೆ, ನಿಜ. ಆದರೆ ಅದು ಪಾಲು ಸಿಗದ ಅವಲಂಬಿತರಿಗೆ. ‘ಇವಳಿಗೆ ಪಾಲು ಸಿಕ್ಕಿತ್ತು, ಇವಳೇ ಬಿಟ್ಟುಕೊಟ್ಟಳು’ ಎಂದು ವಾದಿಸಲು ಬಿಡುಗಡೆ ಪತ್ರವೇ ಅಣ್ಣಂದಿರ ಕೈಗೆ ದಾಖಲೆ ಕೊಡುತ್ತದೆ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಒಂದು ಕಾಯ್ದೆ ಬಂದಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟ ಮುದುಕರನ್ನು ಮಕ್ಕಳು ಕೈಬಿಟ್ಟರೆ, ಅದರ 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಮೂವತ್ತೆಂಟು ವರ್ಷದ ಅಂಗವಿಕಲ ತಂಗಿಗೆ ಅಂಥ ಕಲಂ ಇಲ್ಲ. ಅವಳ ಕೈಯಲ್ಲಿದ್ದ ಒಂದೇ ಒಂದು ಬಲ ಆ ಎರಡು ಎಕರೆ. ಅದನ್ನು ತೆಗೆದುಕೊಂಡ ಮೇಲೆ ಉಳಿಯುವುದು ಅಣ್ಣಂದಿರ ಮನಸ್ಸು, ಅವರ ಹೆಂಡಿರ ಮನಸ್ಸು, ಆ ವರ್ಷದ ಮಳೆ ಬೆಳೆ.

ಹೆಂಡಿರ ಮಾತು ಬಂತು, ಒಂದು ವಿಷಯ ಹೇಳಿಬಿಡಬೇಕು. ಇಂಥ ಕಥೆಗಳಲ್ಲಿ ಅತ್ತಿಗೆಯನ್ನು ಕೆಟ್ಟವಳನ್ನಾಗಿ ಮಾಡುವುದು ನಮಗೆ ರೂಢಿ. ‘ನೋಡ್ಕೋತೀವಿ’ ಎಂದು ಮಾತು ಕೊಟ್ಟವನು ಅಣ್ಣ. ಮೈ ತೊಳೆಸುವವಳು, ತುತ್ತು ತಿನ್ನಿಸುವವಳು, ಬಟ್ಟೆ ಒಗೆಯುವವಳು ಅತ್ತಿಗೆ. ಅವಳನ್ನು ಯಾರೂ ಕೇಳಲಿಲ್ಲ, ಜಮೀನಿನಲ್ಲಿ ಅವಳ ಹೆಸರೂ ಬರಲಿಲ್ಲ. ಹದಿನೈದು ವರ್ಷ ಹೀಗೆ ದುಡಿದವಳು ಒಂದು ದಿನ ಸಿಡುಕಿದರೆ ಊರು ಅವಳನ್ನೇ ಬೈಯುತ್ತದೆ. ಎರಡು ಎಕರೆ ತಂಗಿಯ ಹೆಸರಿನಲ್ಲೇ ಇದ್ದು ಅದರ ಆದಾಯ ಅವಳ ಬ್ಯಾಂಕ್ ಖಾತೆಗೆ ಬಂದಿದ್ದರೆ, ಅದರಲ್ಲೇ ಬೆಳಿಗ್ಗೆ ಒಬ್ಬ ಹೆಂಗಸನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದಿತ್ತು. ಅತ್ತಿಗೆಯ ಬೆನ್ನಿಗೂ ಬಿಡುವು ಸಿಗುತ್ತಿತ್ತು.

ನೋಡಿಕೊಳ್ಳುವುದಕ್ಕೆ ಖರ್ಚಿಲ್ಲವೇ ಎಂದು ಅಣ್ಣಂದಿರು ಕೇಳುತ್ತಾರೆ. ಖಂಡಿತ ಇದೆ. ಫಿಸಿಯೋಥೆರಪಿ, ಗಾಲಿಕುರ್ಚಿ, ಆಸ್ಪತ್ರೆಗೆ ಬಾಡಿಗೆ ಕಾರು, ಇವು ಸಣ್ಣ ಖರ್ಚುಗಳಲ್ಲ. ಹಾಗಾದರೆ ಅವಳ ಪಾಲಿನ ಆದಾಯವನ್ನು ಅವಳಿಗೇ ಖರ್ಚು ಮಾಡಿ, ಲೆಕ್ಕ ಬರೆದಿಡಿ. ಖರ್ಚು ಹೆಚ್ಚೆಂಬುದು ಅವಳ ಪಾಲನ್ನು ಭದ್ರವಾಗಿ ಉಳಿಸಲು ಇರುವ ಕಾರಣ. ಅದನ್ನೇ ಪಾಲು ಕಿತ್ತುಕೊಳ್ಳಲು ಕಾರಣ ಮಾಡಿಕೊಂಡಿದ್ದೇವೆ.

ಪಾಲು ಕಸಿದುಕೊಂಡು ಅನ್ನ ಹಾಕುವ ಈ ಏರ್ಪಾಡು ಹೊಸದೇನಲ್ಲ. ನಮ್ಮದೇ ನೆಲದಲ್ಲಿ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ದೇಶದ ಬಹುಭಾಗಕ್ಕೆ ಹಿಂದೂಗಳ ಆಸ್ತಿ ಕಾನೂನು ಅದೇ ಆಯಿತು. ಕುರುಡರು, ಕುಂಟರು, ಬುದ್ಧಿಭ್ರಮಣೆಯಾದವರು, ವಾಸಿಯಾಗದ ರೋಗವಿರುವವರು, ಇವರಿಗೆ ಪಾಲಿಲ್ಲ, ಅನ್ನ ಬಟ್ಟೆ ಕೊಟ್ಟು ಸಾಕಬೇಕು ಎಂಬುದು ಅಲ್ಲಿಯ ವಿಧಿ. ಇಂದಿನ ಅಣ್ಣ ರಾತ್ರಿ ಊಟವಾದ ಮೇಲೆ ಹೇಳುವುದೂ ಇದನ್ನೇ. ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾಯ್ದೆಯೊಂದು ಈ ವಿಧಿಯನ್ನು ಬಹುಪಾಲು ಸಡಿಲಿಸಿತು. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಅಥವಾ ಬುದ್ಧಿಭ್ರಮಣೆ ಇದ್ದವರನ್ನು ಮಾತ್ರ ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಆ ಉಳಿದ ಬಾಗಿಲನ್ನೂ ತೆಗೆಯಿತು: ರೋಗ, ನ್ಯೂನತೆ, ಅಂಗವಿಕಾರದ ಕಾರಣಕ್ಕೆ ಯಾರೂ ಉತ್ತರಾಧಿಕಾರದಿಂದ ಅನರ್ಹರಲ್ಲ. ಇಷ್ಟು ಶತಮಾನ ಹಿಡಿದು ಕಳೆದ ಒಂದು ಅನ್ಯಾಯವನ್ನು ನಾವು ಅರ್ಧ ದಿನದಲ್ಲಿ, ಕಡಿಮೆ ಮುದ್ರಾಂಕ ಶುಲ್ಕದಲ್ಲಿ, ಇಬ್ಬರು ಸಾಕ್ಷಿಗಳನ್ನಿಟ್ಟು ವಾಪಸು ತರುತ್ತಿದ್ದೇವೆ.

ಅವಳ ಹೆಸರಿಗೆ ಬಿಟ್ಟರೆ ಆಸ್ತಿ ಹೊರಗೆ ಹೋಗುತ್ತದೆ ಎಂಬ ಇನ್ನೊಂದು ಮಾತಿದೆ. ಅದು ಸುಳ್ಳು. ಮಕ್ಕಳಿಲ್ಲದೆ, ವಿಲ್ ಬರೆಯದೆ ಆಕೆ ತೀರಿಕೊಂಡರೆ, ಅಪ್ಪ ಅಮ್ಮನಿಂದ ಬಂದ ಆಸ್ತಿ ಅದೇ ಕಾಯ್ದೆಯ 15ನೇ ಕಲಂ ಪ್ರಕಾರ ಅಪ್ಪನ ವಾರಸುದಾರರಿಗೇ ಹಿಂತಿರುಗುತ್ತದೆ. ಅಂದರೆ ಈ ಅಣ್ಣಂದಿರಿಗೇ, ಅವರಿಲ್ಲದಿದ್ದರೆ ಅವರ ಮಕ್ಕಳಿಗೇ. ಅವಳು ಬದುಕಿರುವಷ್ಟು ದಿನ ಕಾಯಲು ಆಗದೆ ಬರೆಸಿಕೊಳ್ಳುವುದು ಇದು. ಕಾಯುವುದೇ ಕಷ್ಟವಾದರೆ, ಅದನ್ನು ಅವಳ ಹಿತಕ್ಕಾಗಿ ಮಾಡಿದೆವು ಎಂದಾದರೂ ಹೇಳಬೇಡಿ.

ಅವಳಿಗೆ ತಿಳಿಯುವುದಿಲ್ಲ ಎಂಬ ಕೊನೆಯ ಆಸರೆಗೆ ಬರೋಣ. ನಾವು ಎದುರಿಗಿಟ್ಟುಕೊಂಡ ಮನೆಯ ಮಗಳಿಗೆ ತಿಳಿಯುತ್ತದೆ. ತೊದಲು ಮಾತನ್ನು ತೊದಲು ಬುದ್ಧಿ ಎಂದುಕೊಂಡವರು ನಾವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ, ಆಸ್ತಿ ಹೊಂದಲು, ಉತ್ತರಾಧಿಕಾರವಾಗಿ ಪಡೆಯಲು, ತಮ್ಮ ಹಣಕಾಸು ತಾವೇ ನಿಭಾಯಿಸಲು ವಿಕಲಚೇತನರಿಗೆ ಇತರರಷ್ಟೇ ಹಕ್ಕಿದೆ ಎನ್ನುತ್ತದೆ. ನಿರ್ಧಾರ ಮಾಡಲು ಯಾರದಾದರೂ ನೆರವು ಬೇಕಾದರೆ ಪಡೆಯಬಹುದು. ಆದರೆ ನೆರವು ಕೊಡುವವನಿಗೂ ಅವಳಿಗೂ ಆ ವ್ಯವಹಾರದಲ್ಲಿ ಹಿತಾಸಕ್ತಿ ಎದುರುಬದುರಾದರೆ, ಆ ವ್ಯವಹಾರದಿಂದ ಅವನು ದೂರ ಉಳಿಯಬೇಕು ಎಂದೂ ಅದೇ ಕಲಂ ಹೇಳಿದೆ. ಬರಿಯ ರಕ್ತಸಂಬಂಧವಿದ್ದ ಮಾತ್ರಕ್ಕೆ ಹಿತಾಸಕ್ತಿಯ ವೈರುಧ್ಯ ಇದೆಯೆಂದು ಊಹಿಸಬಾರದು, ಸರಿ. ಆದರೆ ಹಕ್ಕು ಬಿಡುವವಳು ತಂಗಿ, ಪಡೆಯುವವನು ಅಣ್ಣ, ಪಡೆಯುವ ಅಣ್ಣನೇ ಅವಳ ತೊದಲು ಮಾತನ್ನು ಅಧಿಕಾರಿಗೆ ‘ಆಯ್ತು ಅಂತಿದ್ದಾಳೆ ಸಾರ್’ ಎಂದು ತಿಳಿಸಿ ಹೇಳುವವನಾದರೆ, ಅಲ್ಲಿ ಊಹಿಸಲು ಏನು ಉಳಿದಿದೆ?

ನಿಜವಾಗಿಯೂ ವ್ಯವಹಾರ ತಿಳಿಯದ, ತೀವ್ರ ಬೌದ್ಧಿಕ ಅಂಗವೈಕಲ್ಯವಿರುವ ಮಗಳಾಗಿದ್ದರೆ ಬಿಡುಗಡೆ ಪತ್ರದ ಮಾತೇ ಏಳಬಾರದು. ವ್ಯವಹಾರ ಅರಿಯಲಾರದವರ ಕರಾರಿಗೆ ಕಾನೂನಿನಲ್ಲಿ ನೆಲೆಯಿಲ್ಲ. ಹಾಗೆ ಕಂಡುಬಂದವರ ಪತ್ರವನ್ನು ನೋಂದಾಯಿಸಲು ನಿರಾಕರಿಸಬೇಕೆಂದು ನೋಂದಣಿ ಕಾಯ್ದೆಯ 35ನೇ ಕಲಂ ಅಧಿಕಾರಿಗೆ ಹೇಳುತ್ತದೆ. ನಮ್ಮ ಜನ ಎರಡನ್ನೂ ಒಟ್ಟಿಗೆ ಹೇಳುವುದುಂಟು: ಪಾಲು ಕೊಡಲು ಅವಳಿಗೆ ಬುದ್ಧಿ ಸಾಲದು, ಪಾಲು ಬಿಡಲು ಸಾಕು.

ಅಂಥ ಮಗಳಿಗೆ ಪಾಲಕರ ನೇಮಕಕ್ಕೆ ದಾರಿಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ನಿಜಕ್ಕೂ ಪಾಲಕರು ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ಸಮಿತಿ ಮೊದಲು ನೋಡಬೇಕು. ಮಾನಸಿಕ ಕಾಯಿಲೆಯವರು ಈ ಕಾಯ್ದೆಯಡಿ ಬರುವುದಿಲ್ಲ. ಅವರಿಗೆ 2016ರ ಕಾಯ್ದೆಯ 14ನೇ ಕಲಮಿನ ಸೀಮಿತ ಪಾಲಕತ್ವದ ದಾರಿ. ಪಾಲಕನಾದ ಅಣ್ಣ ಮಾಲೀಕನಾಗುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ಅವಳ ಆಸ್ತಿಯ ಪೂರ್ತಿ ಪಟ್ಟಿ ಕೊಡಬೇಕು, ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಆಸ್ತಿ ದುರುಪಯೋಗ ಮಾಡಿದರೆ ಅಥವಾ ಅವಳನ್ನು ಅಲಕ್ಷಿಸಿದರೆ, ಯಾವ ಸಂಬಂಧಿಕರಾದರೂ, ನೋಂದಾಯಿತ ಸಂಸ್ಥೆಯಾದರೂ ಅವನನ್ನು ತೆಗೆಯಿರಿ ಎಂದು ಅರ್ಜಿ ಕೊಡಬಹುದು. ನೇಮಕದ ಆದೇಶ ತಂದು ಬೀರುವಿನಲ್ಲಿಟ್ಟು ಲೆಕ್ಕದ ಮಾತೇ ಎತ್ತದ ಅಣ್ಣಂದಿರಿಗೆ ಇದನ್ನು ನೆನಪಿಸಬೇಕಾದವರು ಅದೇ ಮನೆಯ ಉಳಿದವರು. ಪರಸ್ಥಳದಲ್ಲಿರುವ ಅಕ್ಕ, ಚಿಕ್ಕಪ್ಪ, ಓದಿದ ಸೋದರಳಿಯ, ಯಾರಾದರೂ ಸರಿ.

ಇನ್ನು ಬದುಕಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮೇಲೆ ನನಗೆ ಹೆಚ್ಚು ಸಿಟ್ಟಿದೆ. ಈ ಮಗಳಿಗಾಗಿ ಮಣಿಪಾಲದಿಂದ ವೆಲ್ಲೂರಿನವರೆಗೆ ಅಲೆದವರು ನೀವು. ಕೊನೆಗೆ ವಿಲ್ ಬರೆಯುವಾಗ ‘ನನ್ನ ಎಲ್ಲ ಆಸ್ತಿ ಗಂಡುಮಕ್ಕಳಿಗೆ, ಅವರು ತಮ್ಮ ತಂಗಿಯನ್ನು ಜೀವಮಾನವಿಡೀ ನೋಡಿಕೊಳ್ಳತಕ್ಕದ್ದು’ ಎಂದು ಒಂದು ಸಾಲು ಬರೆದು ನೆಮ್ಮದಿಯಾಗಿರುತ್ತೀರಿ. ಆ ಸಾಲಿನಿಂದ ಅವಳಿಗೆ ಒಂದು ಗುಂಟೆಯೂ ಬರುವುದಿಲ್ಲ. ಜೀವನಾಂಶ ಕೇಳಬೇಕೆಂದರೂ ಅವಳೇ ಅಣ್ಣಂದಿರ ಮೇಲೆ ದಾವೆ ಹೂಡಬೇಕು, ಅವರ ಮನೆಯಲ್ಲೇ ಕೂತು. ಅವಳ ಪಾಲನ್ನು ಅವಳ ಹೆಸರಿಗೇ, ಪೂರ್ಣ ಒಡೆತನದಲ್ಲಿ ಬರೆಯಿರಿ. ‘ಬದುಕಿರುವವರೆಗೆ ಅನುಭವಿಸತಕ್ಕದ್ದು’ ಎಂದು ಮಿತಿ ಹಾಕಿ ಬರೆದರೆ ಅವಳಿಗೆ ಸಿಗುವುದು ಸಾಮಾನ್ಯವಾಗಿ ಅಷ್ಟೇ, ಮಾರುವ ಅಥವಾ ಅಡವಿಡುವ ಹಕ್ಕಿಲ್ಲದ ಅನುಭೋಗ. ಅವಳಿಂದ ನಿಭಾಯಿಸಲು ಸಾಧ್ಯವೇ ಇಲ್ಲ ಎನಿಸಿದರೆ, ಅವಳ ಹಿತಕ್ಕೆಂದೇ ಒಂದು ಖಾಸಗಿ ನ್ಯಾಸವನ್ನು ನೋಂದಾಯಿತ ಪತ್ರದಿಂದ ಮಾಡಿ. ನ್ಯಾಸಧಾರಿಗಳಲ್ಲಿ ಒಬ್ಬರಾದರೂ ಅವಳ ಸಾವಿನಿಂದ ಏನೂ ಲಾಭವಿಲ್ಲದವರು ಇರಲಿ. ಪಿತ್ರಾರ್ಜಿತ ಆಸ್ತಿಯಾದರೆ ನೀವು ವಿಲ್ ಬರೆಯಬಹುದಾದದ್ದು ನಿಮ್ಮ ಪಾಲನ್ನು ಮಾತ್ರ, ಅವಳ ಪಾಲು ಈಗಾಗಲೇ ಅವಳದು.

ಎಲ್ಲಕ್ಕಿಂತ ಒಳ್ಳೆಯದು, ನೀವಿರುವಾಗಲೇ ನೋಂದಾಯಿತ ವಿಭಾಗ ಪತ್ರ ಮಾಡಿ, ಅಳತೆ ಮಾಡಿಸಿ, ಪೋಡಿಯಾಗಿ, ಅವಳ ಪಾಲಿಗೆ ಬೇರೆ ಹಿಸ್ಸಾ ನಂಬರು ಬಂದು, ಪಹಣಿಯ 9ನೇ ಕಾಲಂನಲ್ಲಿ ಅವಳ ಹೆಸರು ಒಂಟಿಯಾಗಿ ನಿಲ್ಲುವುದು. ಜಂಟಿ ಖಾತೆಯಲ್ಲಿ ಮೂರನೆಯ ಹೆಸರಾಗಿ ಇದ್ದವಳನ್ನು ಒಂದು ಪತ್ರದಿಂದ ಸರಿಸುವುದು ಸುಲಭ. ರಸ್ತೆಬದಿಯ ತುಂಡನ್ನು ಗಂಡುಮಕ್ಕಳಿಗಿಟ್ಟು ಹಳ್ಳದ ಕಡೆಯ ಜೌಗನ್ನು ಅವಳಿಗೆ ಹಾಕುವುದೂ ಒಂದು ಬಗೆಯ ಕಳವೇ, ನೆನಪಿರಲಿ.

ಪತ್ರ ಬರಹಗಾರರಲ್ಲಿ ಒಂದು ಕೋರಿಕೆ. ಅಣ್ಣ ಕೊಟ್ಟ ವಿವರದ ಮೇಲೆ ‘ಓದಿಸಿ ಕೇಳಿ’ ಎಂದು ಬರೆಯುವ ಮುನ್ನ ಅಣ್ಣನನ್ನು ಹೊರಗೆ ಕಳಿಸಿ. ಅವಳೊಬ್ಬಳನ್ನೇ ಕೂರಿಸಿಕೊಂಡು, ಎಷ್ಟು ಜಮೀನು ಬಿಡುತ್ತಿದ್ದೀಯಮ್ಮ, ಅದು ಇವತ್ತು ಎಷ್ಟು ಬಾಳುತ್ತದೆ, ಬದಲಿಗೆ ನಿನ್ನ ಕೈಗೆ ಏನು ಬಂತು ಎಂದು ಕೇಳಿ. ಮಾತು ಅರ್ಥವಾಗದಿದ್ದರೆ ತಾಳ್ಮೆಯಿಂದ ಎರಡನೇ ಸಲ ಕೇಳಿ, ಕಿವುಡಿಯಾದರೆ ಸಂಜ್ಞೆ ಬಲ್ಲ ಹೊರಗಿನವರನ್ನು ಕರೆಸಿ. ಸಾಕ್ಷಿದಾರರಾಗಿ ಹೋದವರೂ ಇದನ್ನೇ ಕೇಳಬಹುದು. ಉತ್ತರ ಸಿಗದಿದ್ದರೆ ಸಹಿ ಮಾಡದೆ ಎದ್ದು ಬನ್ನಿ. ನಾಳೆ ಕೋರ್ಟಿನ ಕಟಕಟೆಯಲ್ಲಿ ನಿಮ್ಮನ್ನೇ ಕರೆದು ಅವಳು ಒಪ್ಪಿದ್ದನ್ನು ನೀವು ಕಣ್ಣಾರೆ ಕಂಡಿರಾ ಎಂದು ಕೇಳುತ್ತಾರೆ. ಕದಲಲಾರದವರ ಮನೆಗೇ ನೋಂದಣಿ ಅಧಿಕಾರಿ ಹೋಗಬಹುದೆಂದು ಕಾಯ್ದೆಯಲ್ಲಿ ಅವಕಾಶವಿದೆ. ಅದು ಅವಳ ಅನುಕೂಲಕ್ಕೆ ಇರುವುದು. ಆ ಭೇಟಿಯಲ್ಲೂ ಆ ಕೋಣೆಯಿಂದ ಅಣ್ಣಂದಿರು ಹೊರಗಿರಬೇಕು.

ಪೌತಿ ಖಾತೆಯ ಹಂತದಲ್ಲೇ ಗೊತ್ತಾದರೆ ತಡೆಯುವುದು ಕಷ್ಟವಲ್ಲ. ಗ್ರಾಮ ಆಡಳಿತ ಅಧಿಕಾರಿಗೆ, ತಹಶೀಲ್ದಾರರಿಗೆ ಒಂದು ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ, ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಬರುತ್ತದೆ. ಖಾತೆ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ. ಖಾತೆ ಯಾರ ಹೆಸರಿಗೆ ಆಯಿತೋ ಅಷ್ಟರಿಂದಲೇ ಅವನು ಮಾಲೀಕನಾಗುವುದಿಲ್ಲ. ಅದು ಕಂದಾಯದ ದಾಖಲೆ. ಅವಳ ಪಾಲು ಅಳಿದಿರುವುದಿಲ್ಲ.

ಬಿಡುಗಡೆ ಪತ್ರವೇ ನೋಂದಣಿಯಾಗಿಬಿಟ್ಟಿದೆಯೇ? ಅಂಥದೊಂದು ಮನೆ ನಿಮಗೆ ಗೊತ್ತಿದ್ದರೆ ಈ ವಾರವೇ ಆ ಸರ್ವೆ ನಂಬರಿನ ಋಣಭಾರ ಪತ್ರ ತೆಗೆಸಿ. ಅವಳ ಹೆಸರಿನಿಂದ ಬಿಡುಗಡೆಯಾಗಿದ್ದರೆ ತಾರೀಖಿನ ಸಮೇತ ಅದರಲ್ಲಿ ಕಾಣುತ್ತದೆ. ಪತ್ರದ ದೃಢೀಕೃತ ನಕಲನ್ನೂ ಪಡೆಯಿರಿ. ರದ್ದತಿಗೆ ದಾವೆ ಹೂಡಲು, ಮೋಸ ಅಥವಾ ಒತ್ತಡದ ಸಂಗತಿ ಅವಳಿಗೆ ತಿಳಿದ ದಿನದಿಂದ ಮೂರು ವರ್ಷ. ಬುದ್ಧಿ ಸ್ವಾಧೀನವಿಲ್ಲದವರಿಗೆ ಅವಧಿಯ ಲೆಕ್ಕ ಬೇರೆ, ಅದನ್ನೇ ನಂಬಿ ಕೂರುವುದು ಬೇಡ. ಅಣ್ಣಂದಿರು ಮೂರನೆಯವರಿಗೆ ಮಾರಿಬಿಟ್ಟರೆ ತೊಡಕು ಹೆಚ್ಚುತ್ತದೆ, ಹಾಗಾಗಿ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ಅವಳೇ ನಡೆಸಲಾಗದಿದ್ದರೆ ಅವಳ ಪರವಾಗಿ ಹಿತೈಷಿಯೊಬ್ಬರು ನಿಲ್ಲಬಹುದು, ಕೋರ್ಟಿನ ಅನುಮತಿ ಇಲ್ಲದೆ ಆ ಹಿತೈಷಿ ರಾಜಿ ಮಾಡಿಕೊಳ್ಳುವಂತಿಲ್ಲ. ಊರ ಪಂಚಾಯ್ತಿಯ ರಾಜಿಗೆ ಈ ಕಾವಲಿಲ್ಲ, ಅಲ್ಲಿಗೆ ಹೋಗಬೇಡಿ.

ವಕೀಲರ ಫೀಸಿಗೆ ಅವಳು ಅಣ್ಣಂದಿರ ಮುಂದೆ ಕೈಚಾಚಬೇಕಿಲ್ಲ. ಹೆಣ್ಣೆಂಬ ಕಾರಣಕ್ಕೂ, ಅಂಗವಿಕಲೆಯೆಂಬ ಕಾರಣಕ್ಕೂ, ಆದಾಯದ ಮಿತಿಯಿಲ್ಲದೆ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ. ಅಲ್ಲಿಯವರೆಗೆ ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ. ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ವಿಷಯ ತಿಳಿಸಿ, ಅವರು ಮನೆಗೆ ಹೋಗಿ ಬಂದರೆ ಯಾರೂ ಅನುಮಾನಿಸುವುದಿಲ್ಲ. ದಾವೆ ನಡೆಯುವಷ್ಟು ಕಾಲ ಅವಳು ಎಲ್ಲಿ ಮಲಗಬೇಕು, ಯಾರು ಊಟ ಕೊಡಬೇಕು ಎಂಬುದನ್ನು ಅರ್ಜಿ ಹಾಕುವ ಮೊದಲೇ ಗೊತ್ತುಮಾಡಿಕೊಳ್ಳಿ. ಆ ಒಂದು ಹೆದರಿಕೆಯಿಂದಲೇ ಅವಳು ಅಂದು ಹೆಬ್ಬೆಟ್ಟು ಒತ್ತಿದ್ದು.